ಅಂಚೆ ಮುದ್ರೆಯ ತಾರೀಖು



ಇವತ್ತಿನ ಮಾತು ಮನೆಯವರೇ ಸೇರಿ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಬಗ್ಗೆ. ಅದರಲ್ಲೂ ಅಂಥ ಕಂಪನಿಯಲ್ಲಿ ಕಡಿಮೆ ಪಾಲು ಇಟ್ಟುಕೊಂಡವರ ಬಗ್ಗೆ. ಒಂದು ಲೆಕ್ಕ ಹಾಕಿಕೊಂಡು ಶುರುಮಾಡೋಣ. ಇದು ಕಲ್ಪನೆಯ ಲೆಕ್ಕ, ಯಾರ ಮನೆಯದೂ ಅಲ್ಲ. ಹೊನ್ನಾಳಿ ಕಡೆಯ ಗೋವಿನಕೋವಿಯಲ್ಲಿ ಒಂದು ಕುಟುಂಬ ಮೆಕ್ಕೆಜೋಳ ಒಣಗಿಸಿ ಗೋದಾಮಿನಲ್ಲಿಡುವ ಕಂಪನಿ ಮಾಡಿದೆ ಎಂದುಕೊಳ್ಳಿ. ನೂರು ರೂಪಾಯಿ ಮುಖಬೆಲೆಯ 10,000 ಷೇರು. ಅಣ್ಣನದು 5,000, ಅಣ್ಣನ ಮಗನದು 1,000, ತಮ್ಮನದು 2,500, ತಂಗಿಯದು 1,500. ಅಣ್ಣ ಮ್ಯಾನೇಜಿಂಗ್ ಡೈರೆಕ್ಟರ್, ತಮ್ಮನೂ ಒಬ್ಬ ನಿರ್ದೇಶಕ. ತಂಗಿ ಮದುವೆಯಾಗಿ ಬೇರೆ ಊರಲ್ಲಿದ್ದಾಳೆ, ಅವಳದು ಬರೀ ಷೇರು.

ಹತ್ತು ವರ್ಷ ಕಳೆದಿದೆ. ಜಾಗ, ಕಟ್ಟಡ, ಯಂತ್ರ, ಬ್ಯಾಂಕಿನ ಹಣ ಎಲ್ಲ ಸೇರಿಸಿ, ಸಾಲ ಕಳೆದರೆ ಕಂಪನಿಯ ನಿವ್ವಳ ಬೆಲೆ 60 ಲಕ್ಷ. ಅಂದರೆ ಒಂದು ಷೇರಿಗೆ 600 ರೂಪಾಯಿ. ತಮ್ಮನ ಪಾಲು 15 ಲಕ್ಷ. ಈಗ ಅಣ್ಣ ನಿರ್ದೇಶಕ ಮಂಡಳಿಯ ಸಭೆ ಕರೆದಂತೆ ಬರೆದುಕೊಂಡು, 30,000 ಹೊಸ ಷೇರನ್ನು ಮುಖಬೆಲೆಗೇ, ನೂರು ರೂಪಾಯಿಗೇ, ತನಗೂ ಮಗನಿಗೂ ಹಂಚಿಕೊಂಡ. ಕಂಪನಿಗೆ 30 ಲಕ್ಷ ಬಂತು, ಒಟ್ಟು ಬೆಲೆ 90 ಲಕ್ಷವಾಯಿತು. ಆದರೆ ಷೇರು ಈಗ 40,000. ಒಂದಕ್ಕೆ 225 ರೂಪಾಯಿ. ತಮ್ಮನ 2,500 ಷೇರಿನ ಬೆಲೆ 5 ಲಕ್ಷ 62 ಸಾವಿರದ 500. ಕಾಲು ಪಾಲುದಾರನಾಗಿದ್ದವನ ಪಾಲು ಶೇಕಡಾ 6.25ಕ್ಕೆ ಇಳಿಯಿತು. ಒಂಬತ್ತು ಲಕ್ಷಕ್ಕೂ ಹೆಚ್ಚು ಹಣ ಅವನ ಜೇಬಿನಿಂದ ಹೋಗಿದೆ, ಆದರೆ ಯಾರೂ ಅವನ ಜೇಬಿಗೆ ಕೈ ಹಾಕಿಲ್ಲ. ಕಂಪನಿಯ ಲೆಕ್ಕಪುಸ್ತಕ ನೋಡಿದರೆ ಬಂಡವಾಳ ಹೆಚ್ಚಾಗಿದೆ, ಎಲ್ಲ ಚೆನ್ನಾಗಿದೆ.

ಮನೆಯ ಕಂಪನಿಗಳಲ್ಲಿ ದಬ್ಬಾಳಿಕೆ ಅನ್ನುವುದು ಬಹುಪಾಲು ಹೀಗೇ ನಡೆಯುತ್ತದೆ. ಬೈಗುಳ, ಜಗಳ, ಬೀಗ ಹಾಕುವುದು ಇವೆಲ್ಲ ಕಣ್ಣಿಗೆ ಕಾಣುವಂಥವು. ಹೊಸ ಷೇರು ಹಂಚಿಕೆ ಕಾಣುವುದಿಲ್ಲ. ಹಾಗಾಗಿ ಇವತ್ತು ಬೇರೆ ಬಗೆಯ ದೂರುಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದುಕೊಳ್ಳುತ್ತೇನೆ.

ಪ್ರೈವೇಟ್ ಕಂಪನಿಯಲ್ಲಿ ಕಡಿಮೆ ಪಾಲಿನವನ ಕಷ್ಟ ಏನೆಂದರೆ ಅವನು ಹೊರಗೆ ಹೋಗಲಾರ. ಪೇಟೆಯಲ್ಲಿ ಪಟ್ಟಿಯಾದ ಕಂಪನಿಯ ಷೇರಾದರೆ ಬೇಸರವಾದ ದಿನ ಮಾರಿ ಕೈತೊಳೆದುಕೊಳ್ಳಬಹುದು. ಪ್ರೈವೇಟ್ ಕಂಪನಿಯ ಷೇರನ್ನು ಇಷ್ಟಬಂದವರಿಗೆ ಮಾರುವಂತಿಲ್ಲ, ಆ ನಿರ್ಬಂಧ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಮಾರಬಹುದಾದರೂ ಅಣ್ಣನ ಹಿಡಿತದಲ್ಲಿರುವ ಕಂಪನಿಯ ಕಾಲು ಪಾಲನ್ನು ಹೊರಗಿನವನು ಯಾಕೆ ಕೊಳ್ಳುತ್ತಾನೆ? ಮತಕ್ಕೆ ಹಾಕಿದರೂ ಸೋಲು. ಒಳಗೆ ಕೂತರೂ ಸೋಲು, ಹೊರಗೆ ಹೋಗಲು ಬಾಗಿಲೂ ಇಲ್ಲ.

ಇದಕ್ಕೆ ಪರಿಹಾರ 2013ರ ಕಂಪನಿ ಕಾಯ್ದೆಯ 241 ಮತ್ತು 242ನೇ ಕಲಮುಗಳಲ್ಲಿದೆ. ಹಳೆಯ 1956ರ ಕಾಯ್ದೆಯಲ್ಲಿ ಇವೇ 397, 398 ಆಗಿದ್ದವು. ಹಳೇ ವಕೀಲರು ಈಗಲೂ ಆ ನಂಬರುಗಳಲ್ಲೇ ಮಾತಾಡುತ್ತಾರೆ. ದಾವೆ ಹೂಡುವುದು ಹೊನ್ನಾಳಿಯಲ್ಲೋ ದಾವಣಗೆರೆಯಲ್ಲೋ ಅಲ್ಲ. ಈ ವಿಷಯಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಬೇಕು. ಈ ಮಂಡಳಿ 2016ರ ಜೂನ್ ಒಂದರಿಂದ ಕೆಲಸ ಮಾಡುತ್ತಿದೆ, ಅದಕ್ಕೂ ಮೊದಲು ಕಂಪನಿ ಲಾ ಬೋರ್ಡ್ ಇತ್ತು.

ಯಾರು ಹೋಗಬಹುದು? ಇಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. 'ಶೇಕಡಾ ಹತ್ತು ಷೇರು ಇರಬೇಕು, ನಿನ್ನ ಹತ್ತಿರ ಇಲ್ಲ, ಸುಮ್ಮನಿರು' ಎಂದು ಹೆದರಿಸುವವರಿದ್ದಾರೆ. ಶೇಕಡಾ ಹತ್ತು ಷೇರು ಒಂದು ದಾರಿ ಮಾತ್ರ. ಇನ್ನೊಂದು ದಾರಿ ತಲೆ ಎಣಿಕೆಯದು: ನೂರು ಸದಸ್ಯರು, ಅಥವಾ ಒಟ್ಟು ಸದಸ್ಯರಲ್ಲಿ ಹತ್ತರಲ್ಲಿ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಜನ. ನಮ್ಮ ಗೋವಿನಕೋವಿ ಕಂಪನಿಯಲ್ಲಿ ಸದಸ್ಯರೇ ನಾಲ್ಕು ಜನ. ನಾಲ್ಕರಲ್ಲಿ ಹತ್ತನೇ ಒಂದು ಭಾಗ ಒಬ್ಬನಿಗಿಂತಲೂ ಕಡಿಮೆ. ಹಾಗಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಸದಸ್ಯರಿರುವ ಕಂಪನಿಯಲ್ಲಿ ಒಂದೇ ಒಂದು ಷೇರು ಇರುವವನೂ ಒಬ್ಬನೇ ಹೋಗಬಹುದು. ಷೇರಿನ ಬಾಕಿ ಹಣ ಉಳಿಸಿಕೊಂಡಿರಬಾರದು, ಅಷ್ಟೇ. ತಂಗಿಯೂ ಹೋಗಬಹುದು. ಷೇರುದಾರ ತೀರಿಕೊಂಡು, ಹೆಂಡತಿ ಮಕ್ಕಳ ಹೆಸರು ಸದಸ್ಯರ ಪುಸ್ತಕಕ್ಕೆ ಇನ್ನೂ ಏರದಿದ್ದರೂ ವಾರಸುದಾರರು ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟು 1990ರಲ್ಲೇ ವರ್ಲ್ಡ್ ವೈಡ್ ಏಜೆನ್ಸೀಸ್ ಪ್ರಕರಣದಲ್ಲಿ ಹೇಳಿದೆ. ವಿಧವೆಯ ಹೆಸರು ಏರಿಸದೆ ಸತಾಯಿಸುವುದು ಎಷ್ಟು ಸಾಮಾನ್ಯ ಎಂದು ಬಲ್ಲವರಿಗೆ ಈ ತೀರ್ಪಿನ ಬೆಲೆ ಗೊತ್ತಾಗುತ್ತದೆ.

ಈಗ ಹೊಸ ಷೇರಿನ ವಿಷಯಕ್ಕೆ ಬರೋಣ. ಕಂಪನಿಗೆ ಹಣ ಬೇಕಾದಾಗ ಷೇರು ಹೊರಡಿಸುವುದು ತಪ್ಪಲ್ಲ. ಆದರೆ ಮೊದಲು ಈಗಿರುವ ಷೇರುದಾರರಿಗೆ, ಅವರವರ ಪಾಲಿಗೆ ತಕ್ಕಷ್ಟು ಕೊಡುತ್ತೇವೆಂದು ಕೇಳಬೇಕು. ಇದನ್ನು ಹಕ್ಕಿನ ಷೇರು ಎನ್ನುತ್ತಾರೆ. ಲಿಖಿತ ನೋಟಿಸು ರಿಜಿಸ್ಟರ್ಡ್ ಅಂಚೆ, ಸ್ಪೀಡ್ ಪೋಸ್ಟ್, ಕೊರಿಯರ್ ಅಥವಾ ಮಿಂಚಂಚೆಯಲ್ಲಿ, ತಲುಪಿತೆಂಬುದಕ್ಕೆ ಪುರಾವೆ ಉಳಿಯುವಂತೆ ಹೋಗಬೇಕು. ಕೊಡುಗೆ ತೆರೆಯುವ ಮೂರು ದಿನ ಮೊದಲೇ ಅದು ರವಾನೆಯಾಗಿರಬೇಕು. ಯೋಚಿಸಿ ಹಣ ಹೊಂದಿಸಲು ಹಿಂದೆ ಕನಿಷ್ಠ 15 ದಿನ ಕೊಡಬೇಕಿತ್ತು, 2021ರಿಂದ ಅದು 7 ದಿನಕ್ಕೆ ಇಳಿದಿದೆ. ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಕಂಪನಿಗಳಿಗೆ ಇದು ಒಳ್ಳೆಯ ಬದಲಾವಣೆಯಲ್ಲ. ಏಳು ದಿನದಲ್ಲಿ ಏಳು ಲಕ್ಷ ಹೊಂದಿಸಲು ತಮ್ಮನಿಗೆ ಆಗುವುದಿಲ್ಲ ಎಂದು ಅಣ್ಣನಿಗೆ ಚೆನ್ನಾಗಿ ಗೊತ್ತಿರುತ್ತದೆ. ಗಡುವಿನೊಳಗೆ ಉತ್ತರ ಬರದಿದ್ದರೆ ಬೇಡವೆಂದ ಹಾಗೆ, ಆಮೇಲೆ ನಿರ್ದೇಶಕ ಮಂಡಳಿ ಅದನ್ನು ಬೇರೆಯವರಿಗೆ ಕೊಡಬಹುದು. ಮೋಸ ನುಸುಳುವ ಸಂದಿ ಇದೇ. ನೋಟಿಸು ಕಳಿಸಿದ್ದೇವೆ, ಅವನೇ ತೆಗೆದುಕೊಳ್ಳಲಿಲ್ಲ ಎಂದು ಬರೆದುಕೊಂಡರೆ ಮುಗಿಯಿತು.

ಇದರ ಬಗ್ಗೆ ನಮ್ಮ ದೇಶದ ಅತಿ ಹೆಸರಾದ ಪ್ರಕರಣ ನಮ್ಮ ಗಡಿಯಾಚೆಗೇ, ಚಾಮರಾಜನಗರಕ್ಕೆ ತಾಗಿದ ನೀಲಗಿರಿ ಜಿಲ್ಲೆಯಲ್ಲಿ ನಡೆಯಿತು. ಊಟಿ ಹತ್ತಿರದ ಕೇತಿ ಎಂಬಲ್ಲಿ ಸೂಜಿ ತಯಾರಿಸುವ ನೀಡಲ್ ಇಂಡಸ್ಟ್ರೀಸ್ ಎಂಬ ಕಂಪನಿ. ಇಂಗ್ಲೆಂಡಿನವರ ಹಿಡಿತದ ಹೋಲ್ಡಿಂಗ್ ಕಂಪನಿಯೊಂದರ ಬಳಿ 32,000 ಷೇರುಗಳಲ್ಲಿ 18,990, ಅಂದರೆ ಸುಮಾರು ಶೇಕಡಾ 60 ಇತ್ತು. ಉಳಿದದ್ದು ಇಲ್ಲಿನ ಭಾರತೀಯರ ಬಳಿ, ಕಾರ್ಖಾನೆ ನಡೆಸುತ್ತಿದ್ದವರೂ ಅವರೇ. 1973ರ ವಿದೇಶಿ ವಿನಿಮಯ ಕಾಯ್ದೆ ಬಂದು, ವಿದೇಶಿ ಪಾಲು ಶೇಕಡಾ 40ಕ್ಕೆ ಇಳಿಯಬೇಕಾಯಿತು. ರಿಸರ್ವ್ ಬ್ಯಾಂಕ್ ಕೊಟ್ಟ ಗಡುವು 1977ರ ಮೇ 17.

ಆ ವರ್ಷ ಏಪ್ರಿಲ್ 6ರಂದು ಮಂಡಳಿ 16,000 ಹಕ್ಕಿನ ಷೇರು ಹೊರಡಿಸಲು ತೀರ್ಮಾನಿಸಿತು. ಎರಡಕ್ಕೆ ಒಂದು, ನೂರು ರೂಪಾಯಿ ಮುಖಬೆಲೆಗೆ. ಹೋಲ್ಡಿಂಗ್ ಕಂಪನಿಯ ಪಾಲಿಗೆ 9,495 ಷೇರು ಬರಬೇಕಿತ್ತು. ಅವರಿಗೆ ಬರೆದ ಕೊಡುಗೆಯ ಪತ್ರದ ಮೇಲೆ ಏಪ್ರಿಲ್ 14 ಎಂದಿದೆ. ಆದರೆ ಲಕೋಟೆಯ ಮೇಲಿನ ಅಂಚೆ ಮುದ್ರೆ ಏಪ್ರಿಲ್ 27ರದು. ಪತ್ರ ಬರ್ಮಿಂಗ್‌ಹ್ಯಾಮ್ ತಲುಪಿದ್ದು ಮೇ 2. ಅದೇ ಮೇ 2ರಂದು ಇಲ್ಲಿ ಮಂಡಳಿಯ ಸಭೆ ಸೇರಿ, ಹೋಲ್ಡಿಂಗ್ ಕಂಪನಿ ತೆಗೆದುಕೊಳ್ಳದ ಆ 9,495 ಷೇರನ್ನೂ ಭಾರತೀಯ ಷೇರುದಾರರಿಗೇ ಹಂಚಿಬಿಟ್ಟಿತು. ಒಟ್ಟು 48,000 ಷೇರಿನಲ್ಲಿ ವಿದೇಶಿ ಪಾಲು ಶೇಕಡಾ 39.56 ಆಯಿತು. ಲೆಕ್ಕ ಎಷ್ಟು ಸರಿಯಾಗಿ ಕೂತಿದೆ ನೋಡಿ.

ಇಲ್ಲಿ ನೊಂದವರು ಕಡಿಮೆ ಪಾಲಿನವರಲ್ಲ, ಹೆಚ್ಚು ಪಾಲಿನವರು. ಮಂಡಳಿಯನ್ನು ಹಿಡಿದವರೇ ಹಿಂಸಿಸಬಲ್ಲವರು, ಷೇರಿನ ಸಂಖ್ಯೆ ಎಷ್ಟೇ ಇರಲಿ. ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ ದಬ್ಬಾಳಿಕೆ ಆಗಿದೆ ಎಂದಿತು. ಸುಪ್ರೀಂ ಕೋರ್ಟು 1981ರ ಮೇ 7ರಂದು ಅದನ್ನು ತಿರುಗಿಸಿತು. ನ್ಯಾಯಮೂರ್ತಿ ಚಂದ್ರಚೂಡರು ಬರೆದ ಆ ತೀರ್ಪಿನ ತಿರುಳು ಹೀಗೆ: ಒಂದು ಕೆಲಸ ಕಾನೂನಿಗೆ ವಿರುದ್ಧವಾದ ಮಾತ್ರಕ್ಕೆ ಅದು ದಬ್ಬಾಳಿಕೆಯಾಗುವುದಿಲ್ಲ. ಷೇರು ಹೊರಡಿಸಲು ಇಲ್ಲಿ ನಿಜವಾದ ಕಾರಣವಿತ್ತು, ಅದು ಕಾಯ್ದೆಯ ಒತ್ತಾಯ. ಪತ್ರ ಸಕಾಲಕ್ಕೆ ತಲುಪಿದ್ದರೂ ಹೋಲ್ಡಿಂಗ್ ಕಂಪನಿ ಆ ಷೇರನ್ನು ಕೊಳ್ಳುವಂತಿರಲಿಲ್ಲ, ಕೊಂಡರೆ ಅದರ ಪಾಲು ಮತ್ತೆ ಶೇಕಡಾ 40 ದಾಟುತ್ತಿತ್ತು.

ಆದರೆ ಕೋರ್ಟು ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. ಆ ಷೇರಿನ ನಿಜವಾದ ಬೆಲೆ 190 ರೂಪಾಯಿ ಎಂದು ಲೆಕ್ಕ ಹಿಡಿದು, ನೂರಕ್ಕೆ ಪಡೆದವರಿಗೆ ಷೇರೊಂದಕ್ಕೆ 90 ರೂಪಾಯಿ ಅನಾಯಾಸವಾಗಿ ಬಂದಿದೆ ಎಂದಿತು. 9,495ನ್ನು 90ರಿಂದ ಗುಣಿಸಿ, 8,54,550 ರೂಪಾಯಿಯನ್ನು ಹೋಲ್ಡಿಂಗ್ ಕಂಪನಿಗೆ ಕೊಡಬೇಕೆಂದು ಆದೇಶಿಸಿತು. ದಬ್ಬಾಳಿಕೆ ಸಾಬೀತಾಗದಿದ್ದರೂ ನ್ಯಾಯಕ್ಕೆ ತಕ್ಕ ಪರಿಹಾರ ಕೊಡಬಹುದು ಎಂಬುದಕ್ಕೆ ಈಗಲೂ ವಕೀಲರು ಈ ತೀರ್ಪನ್ನೇ ತೋರಿಸುತ್ತಾರೆ.

ಕೇತಿಯಲ್ಲಿದ್ದ ಕಾರಣ ಗೋವಿನಕೋವಿಯ ಅಣ್ಣನಿಗೆ ಇಲ್ಲ. ನ್ಯಾಯಮಂಡಳಿ ಅವನನ್ನು ಮೊದಲು ಕೇಳುವುದೂ ಅದನ್ನೇ: 30 ಲಕ್ಷ ಯಾಕೆ ಬೇಕಿತ್ತು, ಎಲ್ಲಿಗೆ ಹೋಯಿತು? ಹೊಸ ಡ್ರೈಯರ್ ಬಂದಿದೆಯೇ, ಬ್ಯಾಂಕಿನ ಸಾಲ ತೀರಿದೆಯೇ? ಹಣ ಬಂದು ಮೂರು ತಿಂಗಳಾದರೂ ಖಾತೆಯಲ್ಲೇ ಕೊಳೆಯುತ್ತಿದ್ದರೆ, ಅಥವಾ ಅಣ್ಣ ಕಂಪನಿಗೆ ಕೊಟ್ಟಿದ್ದ ಹಳೆಯ ಸಾಲವನ್ನೇ ಪುಸ್ತಕದಲ್ಲಿ ಷೇರಾಗಿ ತಿರುಗಿಸಿ, ಹೊಸ ಹಣ ಒಂದು ರೂಪಾಯಿಯೂ ಬಂದಿಲ್ಲದಿದ್ದರೆ ಉದ್ದೇಶ ಬೇರೆಯೇ ಎಂದು ಗೊತ್ತಾಗುತ್ತದೆ. ಕೇರಳದ ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣ ಇದಕ್ಕೆ ಹತ್ತಿರದ್ದು. ಹೊರದೇಶದಲ್ಲಿದ್ದವರು ಹಣ ಹಾಕಿದ್ದರು, ಊರಲ್ಲಿದ್ದ ಮ್ಯಾನೇಜಿಂಗ್ ಡೈರೆಕ್ಟರ್ ತನಗೇ 6,865 ಷೇರು ಹಂಚಿಕೊಂಡು ಹೆಚ್ಚು ಪಾಲಿನವನಾದ. ಕಂಪನಿ ಲಾ ಬೋರ್ಡ್ ತಪ್ಪಾಗಿದೆ ಎಂದು ಕಂಡುಕೊಂಡೂ, ಹಣ ಹಾಕಿದವರ ಷೇರನ್ನು ಆ ಡೈರೆಕ್ಟರನೇ ಕೊಂಡುಕೊಳ್ಳಲಿ ಎಂದಿತು. ಹೈಕೋರ್ಟು ಅದನ್ನು ತಿರುಗಿಸಿತು, 2004ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಪರ ನಿಂತಿತು. ನಿರ್ದೇಶಕ ಕಂಪನಿಯ ನಂಬಿಕೆಯ ಸ್ಥಾನದಲ್ಲಿರುವವನು, ಹಿಡಿತಕ್ಕಾಗಿ ಷೇರು ಹಂಚಿಕೊಂಡರೆ ಆ ಹಂಚಿಕೆ ನಿಲ್ಲುವುದಿಲ್ಲ. ಹಿಂಸಿಸಿದವನಿಗೇ ಹಿಂಸೆಗೊಳಗಾದವನನ್ನು ಕೊಂಡುಕೊಳ್ಳುವ ಅವಕಾಶ ಕೊಟ್ಟರೆ ತಪ್ಪಿಗೆ ಬಹುಮಾನ ಕೊಟ್ಟಂತೆ.

ಗೋವಿನಕೋವಿಯ ತಮ್ಮನಿಗೆ ಈ ಹಂಚಿಕೆ ಗೊತ್ತಾಗುವುದು ಹೇಗೆ? ಷೇರು ಹಂಚಿದ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ PAS-3 ಎಂಬ ನಮೂನೆ ಸಲ್ಲಿಸಬೇಕು. ಇದನ್ನು ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರಾದರೂ ನೋಡಬಹುದು. ಯಾರಿಗೆ ಎಷ್ಟು ಷೇರು, ಯಾವ ತಾರೀಖು, ಯಾವ ಬೆಲೆ ಎಲ್ಲ ಅದರಲ್ಲಿರುತ್ತದೆ. ವರ್ಷಕ್ಕೆರಡು ಸಲವಾದರೂ ಇದನ್ನು ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕಂಡ ಮೇಲೆ ಮನೆಯಲ್ಲಿ ಮಾತು ಶುರುವಾಗುತ್ತದೆ.

'ಅಣ್ಣಾ, ನಂಗೆ ನೋಟಿಸ್ಸೇ ಬಂದಿಲ್ವಲ್ಲ.'

'ಆಡಿಟರ್ ಕಳಿಸಿದ್ದಾರೆ ಕಣೋ, ನೀನೇ ನೋಡಿಲ್ಲ. ಎಲ್ಲ ಕಂಪನಿ ಒಳ್ಳೇದಕ್ಕೇ.'

ಈ ಮಾತು ಊಟದ ಹೊತ್ತಿನಲ್ಲಿ ಮುಗಿಯಬಾರದು. ಅದೇ ವಾರ ಬರವಣಿಗೆಯಲ್ಲಿ ಕೇಳಬೇಕು: ನೋಟಿಸು ಕಳಿಸಿದ ಅಂಚೆ ರಸೀದಿ ಕೊಡಿ, ಸದಸ್ಯರ ಪುಸ್ತಕದ ಪ್ರತಿ ಕೊಡಿ, ಸಾಮಾನ್ಯ ಸಭೆಯ ನಡಾವಳಿಯ ಪ್ರತಿ ಕೊಡಿ. ಇವುಗಳನ್ನು ಕೇಳುವ ಹಕ್ಕು ಸದಸ್ಯನಿಗಿದೆ. ಮಂಡಳಿಯ ನಡಾವಳಿ ಮಾತ್ರ ಬರೀ ಸದಸ್ಯರಿಗೆ ಸಿಗುವುದಿಲ್ಲ, ನಿರ್ದೇಶಕನಿಗೆ ಸಿಗುತ್ತದೆ. ಹಾಗಾಗಿ ತಮ್ಮ ನಿರ್ದೇಶಕನಾಗಿರುವುದು ದೊಡ್ಡ ಬಲ, ಅಣ್ಣನಿಗೂ ಅದು ಗೊತ್ತು. ಆ ಬಲ ತೆಗೆಯುವ ಒಂದು ಉಪಾಯವಿದೆ. ಹನ್ನೆರಡು ತಿಂಗಳು ಮಂಡಳಿಯ ಒಂದು ಸಭೆಗೂ ಬರದ ನಿರ್ದೇಶಕನ ಸ್ಥಾನ ತಾನಾಗಿ ಖಾಲಿಯಾಗುತ್ತದೆ ಎನ್ನುತ್ತದೆ 167ನೇ ಕಲಮು. ನೋಟಿಸು ಕೊಡದೆ ಸಭೆ ನಡೆಸಿ, ವರ್ಷ ಕಳೆದ ಮೇಲೆ 'ಇವನು ಬರಲೇ ಇಲ್ಲ' ಎಂದು ಹೆಸರು ಕಿತ್ತುಹಾಕುತ್ತಾರೆ. ಪ್ರತಿ ಸಭೆಗೂ ಏಳು ದಿನ ಮುಂಚೆ ಲಿಖಿತ ನೋಟಿಸು ಪ್ರತಿ ನಿರ್ದೇಶಕನಿಗೂ ಹೋಗಬೇಕು. ಆದ್ದರಿಂದ ಆರು ತಿಂಗಳು ಒಂದೂ ನೋಟಿಸು ಬಂದಿಲ್ಲವೆಂದರೆ 'ನನಗೆ ಸಭೆಯ ನೋಟಿಸು ಬಂದಿಲ್ಲ' ಎಂದು ನಿರ್ದೇಶಕನೇ ಕಂಪನಿಗೆ ಮಿಂಚಂಚೆ ಬರೆದಿಡಬೇಕು. ನಾಳೆ ನ್ಯಾಯಮಂಡಳಿಯ ಮುಂದೆ ಆ ಒಂದು ಸಾಲು ದೊಡ್ಡ ಸಾಕ್ಷಿ. ಲಕೋಟೆಗಳನ್ನು ಎಸೆಯಬೇಡಿ. ಪತ್ರದ ಮೇಲಿನ ತಾರೀಖನ್ನು ಯಾರು ಬೇಕಾದರೂ ಬರೆಯಬಹುದು, ಅಂಚೆ ಮುದ್ರೆಯನ್ನು ಬರೆಯಲಾಗುವುದಿಲ್ಲ. ಕೇತಿಯ ಪ್ರಕರಣದಲ್ಲಿ 13 ದಿನದ ಅಂತರ ಬಯಲಾದದ್ದು ಆ ಮುದ್ರೆಯಿಂದಲೇ.

ಅರ್ಜಿಯಲ್ಲಿ ಏನು ಕೇಳಬೇಕು ಎಂಬುದರಲ್ಲೂ ಎಡವುವವರಿದ್ದಾರೆ. 242ನೇ ಕಲಮು ನ್ಯಾಯಮಂಡಳಿಗೆ ತುಂಬಾ ದೊಡ್ಡ ಅಧಿಕಾರ ಕೊಟ್ಟಿದೆ. ಹಂಚಿಕೆ ರದ್ದುಮಾಡಬಹುದು, ಮ್ಯಾನೇಜಿಂಗ್ ಡೈರೆಕ್ಟರನ್ನು ತೆಗೆಯಬಹುದು, ತಿಂದ ಹಣ ವಾಪಸು ಕೊಡಿಸಬಹುದು, ಒಬ್ಬರ ಷೇರನ್ನು ಇನ್ನೊಬ್ಬರು ನ್ಯಾಯವಾದ ಬೆಲೆಗೆ ಕೊಳ್ಳುವಂತೆ ಮಾಡಬಹುದು. ಆದರೆ ಒಂದು ಷರತ್ತಿದೆ. ಕಂಪನಿಯನ್ನೇ ಮುಚ್ಚಿಸುವಷ್ಟು ಕಾರಣ ಇದೆ, ಆದರೆ ಮುಚ್ಚಿದರೆ ಅರ್ಜಿದಾರನಿಗೇ ಅನ್ಯಾಯ ಎಂದು ನ್ಯಾಯಮಂಡಳಿಗೆ ಮನವರಿಕೆಯಾಗಬೇಕು. ನಂಬಿಕೆಯ ಮೇಲೆ, ಎಲ್ಲರೂ ಸೇರಿ ನಡೆಸೋಣ ಎಂದು ಕಟ್ಟಿದ ಮನೆಯ ಕಂಪನಿಗಳಲ್ಲಿ ಇದನ್ನು ತೋರಿಸುವುದು ಸುಲಭ, ಏಕೆಂದರೆ ಅವು ಹೆಸರಿಗೆ ಕಂಪನಿ, ನಡೆಯುವುದು ಪಾಲುದಾರಿಕೆಯಂತೆ. ಬರೀ ಡಿವಿಡೆಂಡ್ ಕೊಟ್ಟಿಲ್ಲ, ವ್ಯಾಪಾರದಲ್ಲಿ ನಷ್ಟ ಮಾಡಿದ, ನನ್ನನ್ನು ಹುದ್ದೆಯಿಂದ ಇಳಿಸಿದ ಎಂಬುದರ ಮೇಲೆ ಮಾತ್ರ ಹೋದರೆ ಬಹುಪಾಲು ಸೋಲು. 2021ರ ಟಾಟಾ ಸನ್ಸ್ ತೀರ್ಪಿನಲ್ಲಿ ಅಧ್ಯಕ್ಷ ಸ್ಥಾನದಿಂದ ತೆಗೆದದ್ದನ್ನು ಸುಪ್ರೀಂ ಕೋರ್ಟು ದಬ್ಬಾಳಿಕೆ ಎನ್ನಲಿಲ್ಲ.

ಇನ್ನು ತಡೆಯಾಜ್ಞೆ. ಅಂತಿಮ ತೀರ್ಪಿಗೆ ವರ್ಷಗಳು ಹಿಡಿಯುವುದರಿಂದ ಮಧ್ಯಂತರ ಆದೇಶವೇ ಎಷ್ಟೋ ಸಲ ನಿಜವಾದ ಆಟ. ಬೈಜೂಸ್ ನಡೆಸುತ್ತಿದ್ದ ಬೆಂಗಳೂರಿನ ಥಿಂಕ್ ಅಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್ ಇದಕ್ಕೆ ಈಚಿನ ಉದಾಹರಣೆ. ಒಮ್ಮೆ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದ ಈ ಕಂಪನಿ, 2024ರ ಜನವರಿ ಕೊನೆಯಲ್ಲಿ ಅದಕ್ಕಿಂತ ಶೇಕಡಾ 99ರಷ್ಟು ಕಡಿಮೆ ಬೆಲೆಗೆ 20 ಕೋಟಿ ಡಾಲರಿನ ಹಕ್ಕಿನ ಷೇರು ಹೊರಡಿಸಿತು. ಹಣ ಹಾಕದ ಹೂಡಿಕೆದಾರರ ಪಾಲು ಹೆಚ್ಚುಕಡಿಮೆ ಅಳಿಸಿಹೋಗುವ ಲೆಕ್ಕ. ಪ್ರೋಸಸ್, ಪೀಕ್ ಫಿಫ್ಟೀನ್ ಮುಂತಾದ ನಾಲ್ಕು ಹೂಡಿಕೆದಾರರು ಫೆಬ್ರವರಿಯಲ್ಲಿ ಬೆಂಗಳೂರು ಪೀಠಕ್ಕೆ ಹೋದರು. ಆ ತಿಂಗಳ ಕೊನೆಯಲ್ಲಿ ನ್ಯಾಯಮಂಡಳಿ, ಬಂದ ಹಣವನ್ನು ಬೇರೆ ಎಸ್ಕ್ರೋ ಖಾತೆಯಲ್ಲಿಡಿ, ಅಧಿಕೃತ ಬಂಡವಾಳ ಹೆಚ್ಚಿಸದೆ ಷೇರು ಹಂಚಬೇಡಿ ಎಂದಿತು. ಕಂಪನಿ ಮತ್ತೊಂದು ಸುತ್ತಿನ ಹಕ್ಕಿನ ಷೇರಿಗೆ ಹೊರಟಾಗ ಜೂನ್ 12ರಂದು ಅದನ್ನೂ ತಡೆದು, ಷೇರುಪಾಲು ಇದ್ದಂತೆಯೇ ಇರಲಿ ಎಂದಿತು. ಹೊರದೇಶದ ದೊಡ್ಡ ಹೂಡಿಕೆದಾರರು ಹಿಡಿದ ದಾರಿಯೂ ಗೋವಿನಕೋವಿಯ ತಮ್ಮ ಹಿಡಿಯುವ ದಾರಿಯೂ ಒಂದೇ ಎಂಬುದು ನನಗೆ ಸೋಜಿಗ.

ಆದರೆ ಆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ವರ್ಷ ಜುಲೈ 16ರಂದು ಕ್ರಿಕೆಟ್ ಮಂಡಳಿಯ 158 ಕೋಟಿ ರೂಪಾಯಿ ಬಾಕಿಯ ಅರ್ಜಿಯ ಮೇಲೆ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಶುರುವಾಯಿತು. ದಿವಾಳಿ ಬಂದರೆ ಮೊದಲು ಸಾಲ ಕೊಟ್ಟವರು, ಕೊನೆಗೆ ಷೇರುದಾರರು. ಇದನ್ನು ಹೇಳುವ ಕಾರಣವಿದೆ. ಮನೆಯ ಜಗಳದಲ್ಲಿ ಕಂಪನಿಯ ಸಾಲ ಬೆಳೆಯುತ್ತಾ ಹೋದರೆ, ಗೆದ್ದ ಷೇರಿಗೂ ಬೆಲೆ ಉಳಿಯುವುದಿಲ್ಲ. ಅದಕ್ಕೇ ಅನುಭವಿ ವಕೀಲರು ಮಧ್ಯಂತರ ಅರ್ಜಿಯಲ್ಲಿ ಷೇರಿನ ಜೊತೆಗೆ ಆಸ್ತಿ ಮಾರುವುದಕ್ಕೂ ಹೊಸ ಸಾಲ ಎತ್ತುವುದಕ್ಕೂ ತಡೆ ಕೇಳುತ್ತಾರೆ. ತಡಮಾಡಲೂಬಾರದು. ನ್ಯಾಯಮಂಡಳಿಗೂ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆ, ಸಾಮಾನ್ಯವಾಗಿ ಮೂರು ವರ್ಷ. ಗೊತ್ತಿದ್ದೂ ಎರಡು ವರ್ಷ ಸುಮ್ಮನಿದ್ದವನನ್ನು 'ಆಗ ಯಾಕೆ ಒಪ್ಪಿಕೊಂಡೆ' ಎಂದು ಕೇಳಿಯೇ ಕೇಳುತ್ತಾರೆ.

ಕೊನೆಗೆ ಹೆಚ್ಚಿನ ಮನೆಯ ಕಂಪನಿಗಳಲ್ಲಿ ಇಬ್ಬರೂ ಮತ್ತೆ ಒಂದೇ ಮೇಜಿನಲ್ಲಿ ಕೂರುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಕೊಂಡುಕೊಂಡು ಬಿಡುಗಡೆಯಾಗುತ್ತಾರೆ. ಆಗ ಇಡೀ ಜಗಳ ಬೆಲೆ ಕಟ್ಟುವ ತಾರೀಖಿನ ಮೇಲೆ ಬಂದು ನಿಲ್ಲುತ್ತದೆ. ಹಂಚಿಕೆಗೆ ಮುಂಚಿನ ದಿನದ ಲೆಕ್ಕ ಹಿಡಿದರೆ ತಮ್ಮನಿಗೆ 15 ಲಕ್ಷ. ಹಂಚಿಕೆಯ ನಂತರದ ದಿನ ಹಿಡಿದರೆ ಐದೂವರೆ ಲಕ್ಷದ ಸುತ್ತ. ಆದ್ದರಿಂದ ಅರ್ಜಿಯಲ್ಲೇ 'ಇಂಥ ದಿನದ ಲೆಕ್ಕದಂತೆ, ಸ್ವತಂತ್ರ ಮೌಲ್ಯಮಾಪಕರಿಂದ, ಕಡಿಮೆ ಪಾಲು ಎಂದು ಬೆಲೆ ಇಳಿಸದೆ' ಎಂದು ಸ್ಪಷ್ಟವಾಗಿ ಬರೆಸಬೇಕು. ಬೆಂಗಳೂರು ಪೀಠದ ಆದೇಶ ಒಪ್ಪಿಗೆಯಾಗದಿದ್ದರೆ ಅದರ ಪ್ರತಿ ಕೈಸೇರಿದ 45 ದಿನದೊಳಗೆ ಮೇಲ್ಮನವಿ ಮಂಡಳಿಯ ಚೆನ್ನೈ ಪೀಠಕ್ಕೆ ಹೋಗಬಹುದು, ಅಲ್ಲಿಂದ ಮುಂದೆ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಸುಪ್ರೀಂ ಕೋರ್ಟಿಗೆ.